ಮಲೇರಿಯಾ ಮಾತ್ರೆಯ ಜೊತೆಗಾರ ಕೈಕೊಟ್ಟಾಗ

ಕಾಂಬೋಡಿಯಾದ ಪಶ್ಚಿಮ ಅಂಚಿನಲ್ಲಿ, ಥಾಯ್ಲೆಂಡಿನ ಗಡಿಗೆ ತಾಗಿಕೊಂಡಂತೆ ಪೈಲಿನ್ ಎಂಬ ಸಣ್ಣ ಪ್ರಾಂತ್ಯವಿದೆ. ಮಾಣಿಕ್ಯ, ನೀಲಮಣಿ ಸಿಗುವ ನೆಲ. ಹರಳು ಅಗೆಯಲು ದೂರದೂರದಿಂದ ಕೂಲಿಗಳು ಬರುತ್ತಿದ್ದರು, ಕಾಡಂಚಿನಲ್ಲಿ ಟೆಂಟು ಹಾಕುತ್ತಿದ್ದರು, ಜ್ವರ ಹಿಡಿಸಿಕೊಂಡು ಊರಿಗೆ ಮರಳುತ್ತಿದ್ದರು. 2007-08ರಲ್ಲಿ ವೈದ್ಯ ವಿಜ್ಞಾನಿಗಳ ತಂಡವೊಂದು ಇಲ್ಲಿ 40 ಮಂದಿ ಮಲೇರಿಯಾ ರೋಗಿಗಳನ್ನು ಆಯ್ದುಕೊಂಡಿತು. ಇವರದು ಫಾಲ್ಸಿಪಾರಂ ಮಲೇರಿಯಾ, ಅಂದರೆ ಮಿದುಳಿಗೇರಿ ಪ್ರಾಣ ತೆಗೆಯಬಲ್ಲ ಬಗೆ. ಅಷ್ಟೇ ಮಂದಿಯನ್ನು ಥಾಯ್ಲೆಂಡಿನ ಇನ್ನೊಂದು ಗಡಿಯ, ಬರ್ಮಾ ಕಡೆಯ ವಾಂಗ್ ಫಾ ಎಂಬಲ್ಲಿ ಆಯ್ದುಕೊಂಡರು. ಎರಡೂ ಕಡೆ ಕೊಟ್ಟದ್ದು ಒಂದೇ ಔಷಧ, ಆರ್ಟಿಸುನೇಟ್. ಕೆಲವು ಗಂಟೆಗಳಿಗೊಮ್ಮೆ ಬೆರಳು ಚುಚ್ಚಿ ಸ್ಲೈಡ್ ಮಾಡಿ, ರಕ್ತದಲ್ಲಿ ಇನ್ನೆಷ್ಟು ಪರಾವಲಂಬಿಗಳು ಉಳಿದಿವೆಯೆಂದು ಸೂಕ್ಷ್ಮದರ್ಶಕದಲ್ಲಿ ಎಣಿಸುತ್ತ ಹೋದರು.

ವಾಂಗ್ ಫಾದಲ್ಲಿ ರಕ್ತ ಸ್ವಚ್ಛವಾಗಲು ಹಿಡಿದದ್ದು ಸರಾಸರಿ 48 ಗಂಟೆ. ಪೈಲಿನ್‌ನಲ್ಲಿ 84 ಗಂಟೆ.

ಮೇಲ್ನೋಟಕ್ಕೆ ಇದು ಒಂದೂವರೆ ದಿನದ ವ್ಯತ್ಯಾಸ ಅಷ್ಟೆ. ರೋಗಿಗಳ ಜ್ವರ ಇಳಿಯಿತು, ಬಹುತೇಕರು ಗುಣವೂ ಆದರು. ಆದರೂ 2009ರಲ್ಲಿ ಈ ಅಂಕಿಗಳು ಪ್ರಕಟವಾದಾಗ ಮಲೇರಿಯಾ ಬಲ್ಲವರಿಗೆ ನಿದ್ದೆ ಹಾರಿತು. ಆರ್ಟಿಮಿಸಿನಿನ್ ಬಳಗದ ಔಷಧಗಳ ಇಡೀ ಹೆಚ್ಚುಗಾರಿಕೆ ಅವುಗಳ ವೇಗದಲ್ಲಿದೆ. ಪೈಲಿನ್‌ನಲ್ಲಿ ಕುಂಠಿತವಾಗಿದ್ದದ್ದು ಅದೇ ವೇಗ.

ಅವರ ಗಾಬರಿಗೆ ಚರಿತ್ರೆಯ ಕಾರಣವೂ ಇತ್ತು. 1950ರ ದಶಕದ ಕೊನೆಯಲ್ಲಿ ಕ್ಲೋರೋಕ್ವಿನ್ ಮಾತ್ರೆಗೆ ಬಗ್ಗದ ಮಲೇರಿಯಾ ತಲೆಯೆತ್ತಿದ ಮೊದಲ ತಾಣಗಳಲ್ಲಿ ಇದೇ ಥಾಯ್-ಕಾಂಬೋಡಿಯಾ ಗಡಿ ಒಂದು. ಪೈಲಿನ್‌ನಲ್ಲಂತೂ 1960ರ ದಶಕದ ಆರಂಭದಲ್ಲಿ ಅಡುಗೆ ಉಪ್ಪಿಗೇ ಔಷಧ ಬೆರೆಸಿ ಜನರಿಗೆ ಹಂಚಿದ್ದರು. ಸಂಕಲ್ಪ ಒಳ್ಳೆಯದೇ. ಆದರೆ ಒಬ್ಬನ ಊಟಕ್ಕೆ ಚಿಟಿಕೆ ಉಪ್ಪು, ಮತ್ತೊಬ್ಬನಿಗೆ ಚಮಚ. ಕೊಲ್ಲುವಷ್ಟೂ ಅಲ್ಲದ, ಇಲ್ಲವೆನ್ನುವಷ್ಟೂ ಅಲ್ಲದ ಔಷಧದಲ್ಲಿ ಪರಾವಲಂಬಿಗಳು ಮಿಂದೇಳುತ್ತಿದ್ದವು; ನಿರೋಧಕತೆ ಬೆಳೆಯಲು ಇದಕ್ಕಿಂತ ಹದವಾದ ನೆಲ ಬೇಕಿಲ್ಲ. ಆಮೇಲೆ ಬಂದ ಸಲ್ಫಡಾಕ್ಸಿನ್-ಪೈರಿಮೆಥಮಿನ್ ಇದೇ ಪ್ರದೇಶದಲ್ಲಿ ಸೋತಿತು, ಮೆಫ್ಲೋಕ್ವಿನ್ ಕೂಡ ಸೋತಿತು. ಏಷ್ಯಾದಲ್ಲಿ ಹುಟ್ಟಿದ ಕ್ಲೋರೋಕ್ವಿನ್ ನಿರೋಧಕತೆ ಮುಂದೆ ಆಫ್ರಿಕಕ್ಕೆ ದಾಟಿ ಅಲ್ಲಿ ಮಕ್ಕಳ ಸಾವನ್ನು ಹೆಚ್ಚಿಸಿತು. ಈ ಸಾಲಿಗೆ ಈಗ ಆರ್ಟಿಮಿಸಿನಿನ್ ಸೇರಿಕೊಳ್ಳುತ್ತಿತ್ತು.

ಆರ್ಟಿಮಿಸಿನಿನ್ ಚೀನಾದ ಔಷಧ. ವಿಯೆಟ್ನಾಂ ಯುದ್ಧದ ಕಾಲದಲ್ಲಿ, 1967ರಲ್ಲಿ ಆರಂಭವಾದ ಗುಪ್ತ ಸರ್ಕಾರಿ ಯೋಜನೆಯೊಂದರಲ್ಲಿ ತು ಯೂಯೂ ಮತ್ತವರ ಸಹೋದ್ಯೋಗಿಗಳು ಚೀನಾದ ಹಳೆಯ ವೈದ್ಯ ಗ್ರಂಥಗಳನ್ನು ಜಾಲಾಡಿ, ಚಿಂಗ್‌ಹಾವ್ ಎಂಬ ಗಿಡದಿಂದ ಇದನ್ನು ಬೇರ್ಪಡಿಸಿದರು. ಅದಕ್ಕಾಗಿ ತು ಯೂಯೂ ಅವರಿಗೆ 2015ರಲ್ಲಿ ನೊಬೆಲ್ ಬಂತು. ಆರ್ಟಿಸುನೇಟ್, ಆರ್ಟಿಮೀಥರ್, ಡೈಹೈಡ್ರೋಆರ್ಟಿಮಿಸಿನಿನ್ ಎಲ್ಲವೂ ಇದರದೇ ಕುಡಿಗಳು.

ಇದರ ಶಕ್ತಿ ಮತ್ತು ದೌರ್ಬಲ್ಯ ಎರಡನ್ನೂ ಸ್ವಲ್ಪ ಲೆಕ್ಕ ಹಾಕಿ ನೋಡಿದರೆ ಮುಂದಿನ ಕತೆಯೆಲ್ಲ ಸಲೀಸಾಗಿ ಅರ್ಥವಾಗುತ್ತದೆ. ಜೋರಾಗಿ ಕಾಯಿಲೆ ಬಿದ್ದ ವಯಸ್ಕನ ಮೈಯಲ್ಲಿ ಸುಮಾರು ಒಂದು ಲಕ್ಷ ಕೋಟಿ ಪರಾವಲಂಬಿಗಳಿರಬಹುದು. ಅವು 48 ಗಂಟೆಗೊಮ್ಮೆ ಒಂದು ಸುತ್ತು ಮುಗಿಸುತ್ತವೆ: ಕೆಂಪು ರಕ್ತಕಣಕ್ಕೆ ನುಗ್ಗಿ, ಅದನ್ನು ತಿಂದು, ಹತ್ತಾರು ಮರಿಗಳಾಗಿ ಒಡೆದು ಹೊರಬರುತ್ತವೆ. ಆರ್ಟಿಮಿಸಿನಿನ್ ಚೆನ್ನಾಗಿ ಕೆಲಸ ಮಾಡುತ್ತಿದ್ದರೆ ಒಂದು ಸುತ್ತಿನಲ್ಲಿ ಹತ್ತು ಸಾವಿರಕ್ಕೆ ಒಂದರಷ್ಟನ್ನು ಮಾತ್ರ ಉಳಿಸುತ್ತದೆ. ಮೂರು ದಿನದ ಮಾತ್ರೆಗೆ ಎರಡು ಸುತ್ತು ಸಿಗುತ್ತವೆ. ಮೊದಲ ಸುತ್ತು ಮುಗಿದಾಗ ಉಳಿಯುವುದು ಹತ್ತು ಕೋಟಿ, ಎರಡನೆಯದು ಮುಗಿದಾಗ ಬರೀ ಹತ್ತು ಸಾವಿರ. ಆದರೆ ಈ ಔಷಧ ರಕ್ತದಲ್ಲಿ ನಿಲ್ಲುವುದಿಲ್ಲ. ಅದರ ಸಕ್ರಿಯ ರೂಪ ಗಂಟೆಗೊಮ್ಮೆ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಮಾತ್ರೆ ನಿಲ್ಲಿಸಿದ ಮರುದಿನ ಮೈಯಲ್ಲಿ ಔಷಧವಿಲ್ಲ, ಉಳಿದ ಹತ್ತು ಸಾವಿರವನ್ನು ಕೇಳುವವರೂ ಇಲ್ಲ.

ಅದಕ್ಕೇ ಜೊತೆಗಾರ ಔಷಧ. ಆರ್ಟಿಮಿಸಿನಿನ್ ಬಳಗದ ಒಂದನ್ನು, ನಿಧಾನವಾಗಿ ಕೊಲ್ಲುವ ಆದರೆ ರಕ್ತದಲ್ಲಿ ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ ಉಳಿಯುವ ಇನ್ನೊಂದರ ಜೊತೆ ಕೊಡುತ್ತಾರೆ. ಲ್ಯೂಮೆಫ್ಯಾಂಟ್ರಿನ್, ಮೆಫ್ಲೋಕ್ವಿನ್, ಪೈಪರಾಕ್ವಿನ್, ಅಮೋಡಯಾಕ್ವಿನ್, ಸಲ್ಫಡಾಕ್ಸಿನ್-ಪೈರಿಮೆಥಮಿನ್ ಇವೆಲ್ಲ ಅಂಥ ಜೊತೆಗಾರರು. ಈ ಜೋಡಿ ಚಿಕಿತ್ಸೆಯನ್ನು ಎಸಿಟಿ ಎನ್ನುತ್ತಾರೆ. ಒಂಟಿ ಆರ್ಟಿಮಿಸಿನಿನ್ ಮಾತ್ರೆಗಳ ಮಾರಾಟ ನಿಲ್ಲಿಸಿ ಎಂದು 2006ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಕಂಪನಿಗಳಿಗೆ ಹೇಳಿದ್ದು ಇದೇ ಕಾರಣಕ್ಕೆ. ಕಾಂಬೋಡಿಯಾ 2000ದಲ್ಲೇ ಆರ್ಟಿಸುನೇಟ್-ಮೆಫ್ಲೋಕ್ವಿನ್ ಜೋಡಿಯನ್ನು ರಾಷ್ಟ್ರೀಯ ಚಿಕಿತ್ಸೆಯೆಂದು ಒಪ್ಪಿಕೊಂಡಿತ್ತು. ಆದರೆ ಕಾಗದದ ಮೇಲಿನ ನೀತಿಯೇ ಬೇರೆ, ಗೂಡಂಗಡಿಯ ವ್ಯಾಪಾರವೇ ಬೇರೆ. ಒಂಟಿ ಆರ್ಟಿಸುನೇಟ್ ಕೈಗೆ ಸಿಗುತ್ತಿತ್ತು. ಔಷಧವೇ ಇಲ್ಲದ ಅಥವಾ ಅಲ್ಪಸ್ವಲ್ಪ ಇದ್ದ ನಕಲಿ ಮಾತ್ರೆಗಳೂ ಆ ಪ್ರದೇಶದಲ್ಲಿ ಧಾರಾಳವಾಗಿ ಓಡಾಡುತ್ತಿದ್ದವು.

ಈಗ ಪೈಲಿನ್‌ನ ಲೆಕ್ಕ ಮಾಡೋಣ. ಅಲ್ಲಿಯ ಪರಾವಲಂಬಿ ಆರ್ಟಿಮಿಸಿನಿನ್‌ಗೆ ಪೂರ್ತಿ ಬಗ್ಗದ್ದೇನಲ್ಲ, ನಿಧಾನವಾಗಿ ಸಾಯುತ್ತದೆ. ಸುತ್ತಿಗೆ ಹತ್ತು ಸಾವಿರ ಪಟ್ಟು ಇಳಿಯುತ್ತಿದ್ದದ್ದು ನೂರು ಪಟ್ಟು ಮಾತ್ರ ಇಳಿಯಿತೆಂದುಕೊಳ್ಳಿ. ಮೂರು ದಿನದ ಕೊನೆಗೆ ಉಳಿಯುವುದು ಹತ್ತು ಸಾವಿರವಲ್ಲ, ಹತ್ತು ಕೋಟಿ. ಜೋಡೆತ್ತಿನಲ್ಲಿ ಒಂದು ಕಾಲೆಳೆಯತೊಡಗಿದರೆ ನೊಗದ ಭಾರವೆಲ್ಲ ಇನ್ನೊಂದರ ಹೆಗಲಿಗೆ ಬೀಳುವಂತೆ, ಇಲ್ಲಿ ಜೊತೆಗಾರನ ಮೇಲೆ ಸಾವಿರಾರು ಪಟ್ಟು ಹೆಚ್ಚು ಹೊರೆ ಬೀಳುತ್ತದೆ. ಹತ್ತು ಕೋಟಿಯಲ್ಲಿ ಯಾವುದೋ ಒಂದು ಜೊತೆಗಾರ ಔಷಧವನ್ನು ತಾಳಿಕೊಳ್ಳುವ ಬದಲಾವಣೆ ಪಡೆದಿರುವ ಸಾಧ್ಯತೆ, ಹತ್ತು ಸಾವಿರದಲ್ಲಿ ಇರುವುದಕ್ಕಿಂತ ಎಷ್ಟೋ ಹೆಚ್ಚು. ಪತ್ರಿಕೆಗಳಲ್ಲಿ ‘ಆರ್ಟಿಮಿಸಿನಿನ್ ನಿರೋಧಕ ಮಲೇರಿಯಾ’ ಎಂಬ ತಲೆಬರಹ ಓದಿದವರು ಔಷಧ ನಾಟುವುದೇ ಇಲ್ಲವೆಂದು ತಿಳಿಯುತ್ತಾರೆ. ನಿಜದಲ್ಲಿ ಜೊತೆಗಾರ ಗಟ್ಟಿಯಾಗಿರುವ ತನಕ ಅಂಥ ರೋಗಿ ಗುಣವಾಗುತ್ತಾನೆ. ಕಾಯಿಲೆ ಮರಳಿ ಬರತೊಡಗುವುದು ಜೊತೆಗಾರನೂ ಕೈಕೊಟ್ಟಾಗ. ಕಾಂಬೋಡಿಯಾದಲ್ಲಿ ಆದದ್ದು ಅದೇ.

ಮೊದಲ ಎತ್ತು ಯಾಕೆ ಕಾಲೆಳೆಯಿತು ಎಂಬುದನ್ನು ಕಂಡುಹಿಡಿಯಲು ಪ್ರಯೋಗಾಲಯಕ್ಕೆ ವರ್ಷಗಳೇ ಹಿಡಿದವು. ಫ್ರೆಂಚ್ ವಿಜ್ಞಾನಿಗಳು ಟಾಂಜಾನಿಯಾ ಮೂಲದ ಒಂದು ಪರಾವಲಂಬಿ ತಳಿಯನ್ನು ಐದು ವರ್ಷ ಕಾಲ ಆರ್ಟಿಮಿಸಿನಿನ್ ಕೊಡುತ್ತ, ಪ್ರಮಾಣ ಏರಿಸುತ್ತ ಸಾಕಿದರು. ಔಷಧ ಕಾಣದ ಅದರ ಸೋದರ ತಳಿಯನ್ನೂ ಪಕ್ಕದಲ್ಲೇ ಬೆಳೆಸಿದರು. ಆಮೇಲೆ ಎರಡರ ಡಿಎನ್‌ಎಯನ್ನೂ ಪೂರ್ತಿ ಓದಿ ಹೋಲಿಸಿದಾಗ ಏಳು ವಂಶವಾಹಿಗಳಲ್ಲಿ ವ್ಯತ್ಯಾಸ ಕಂಡಿತು. ಯಾವುದು ನಿಜವಾದ ಅಪರಾಧಿ? ಕಾಂಬೋಡಿಯಾದ ಪಾಶ್ಚರ್ ಸಂಸ್ಥೆಯಲ್ಲಿ ಡಿಡಿಯೇ ಮೆನಾರ್ ಅವರ ತಂಡ ಕೂಡಿಟ್ಟಿದ್ದ ರೋಗಿಗಳ ಮಾದರಿಗಳಲ್ಲಿ ಇವನ್ನೆಲ್ಲ ಹುಡುಕಿದಾಗ ಉತ್ತರ ಒಂದಕ್ಕೆ ಬಂದು ನಿಂತಿತು. ಅದು 13ನೇ ಕ್ರೋಮೋಸೋಮಿನ ಕೆಲ್ಚ್-13 ಎಂಬ ವಂಶವಾಹಿ. ಪ್ರಯೋಗಾಲಯದ ತಳಿಯಲ್ಲಿದ್ದ ಬದಲಾವಣೆ ರೋಗಿಗಳಲ್ಲಿ ಸಿಗಲಿಲ್ಲ. ಆದರೆ ಅದೇ ವಂಶವಾಹಿಯ ಬೇರೆ ಬದಲಾವಣೆಗಳು, ಅದರಲ್ಲೂ C580Y ಎಂಬುದು, ರಕ್ತ ನಿಧಾನವಾಗಿ ಸ್ವಚ್ಛವಾಗುತ್ತಿದ್ದ ಕಡೆಗಳಲ್ಲೆಲ್ಲ ತುಂಬಿಕೊಂಡಿದ್ದವು. ಸಂಶೋಧನೆ 2014ರ ಆರಂಭದಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಅಚ್ಚಾಯಿತು.

ಈ ಬದಲಾವಣೆ ಪರಾವಲಂಬಿಯನ್ನು ಹೇಗೆ ಕಾಪಾಡುತ್ತದೆ ಎಂಬುದು 2020ರ ಹೊತ್ತಿಗೆ ಸಾಕಷ್ಟು ಸ್ಪಷ್ಟವಾಯಿತು. ಆರ್ಟಿಮಿಸಿನಿನ್ ತಾನಾಗಿಯೇ ವಿಷವಲ್ಲ. ಪರಾವಲಂಬಿ ನಮ್ಮ ಹಿಮೋಗ್ಲೋಬಿನ್ ತಿಂದು ಜೀರ್ಣಿಸುವಾಗ ಹೊರಬರುವ ಕಬ್ಬಿಣಾಂಶವುಳ್ಳ ಹೀಮ್ ಆ ಔಷಧವನ್ನು ಚುರುಕುಗೊಳಿಸುತ್ತದೆ. ಅಂದರೆ ಪರಾವಲಂಬಿ ತನ್ನ ಊಟದಿಂದಲೇ ಸಾಯುತ್ತದೆ. ಕೆಲ್ಚ್-13 ಕೆಟ್ಟಿರುವ ಪರಾವಲಂಬಿ, ರಕ್ತಕಣಕ್ಕೆ ಹೊಕ್ಕ ಮೊದಲ ಗಂಟೆಗಳ ಉಂಗುರದಾಕಾರದ ಎಳೆ ಹಂತದಲ್ಲಿ, ಕಡಿಮೆ ತಿನ್ನುತ್ತದೆ. ಊಟ ಕಡಿಮೆ, ಹೀಮ್ ಕಡಿಮೆ, ಔಷಧದ ಚುರುಕೂ ಕಡಿಮೆ. ಔಷಧ ರಕ್ತದಲ್ಲಿರುವುದೇ ಕೆಲವು ಗಂಟೆ. ಅಷ್ಟು ಹೊತ್ತು ಅರೆಹೊಟ್ಟೆಯಲ್ಲಿ ಕಳೆದರೆ ಆಮೇಲೆ ಎದ್ದು ಬೆಳೆಯಬಹುದು. ಬಲಿತ ಹಂತದ ಪರಾವಲಂಬಿಗಳು ಮಾತ್ರ ಹಿಂದಿನಂತೆಯೇ ಸಾಯುತ್ತವೆ. ಹೀಗಾಗಿ ಇದು ಅರ್ಧ ನಿರೋಧಕತೆ.

ಇನ್ನು ಎರಡನೆಯ ಎತ್ತಿನ ವಿಷಯ. ಮೆಫ್ಲೋಕ್ವಿನ್ ಹಳಸಿದೆಯೆಂದು ಕಾಂಬೋಡಿಯಾ 2008ರಲ್ಲಿ ಪೈಲಿನ್‌ನಲ್ಲಿ, ಮತ್ತೆರಡು ವರ್ಷಗಳಲ್ಲಿ ದೇಶವೆಲ್ಲ, ಡೈಹೈಡ್ರೋಆರ್ಟಿಮಿಸಿನಿನ್-ಪೈಪರಾಕ್ವಿನ್ ಜೋಡಿಗೆ ಬದಲಾಯಿತು. ಕೆಲವೇ ವರ್ಷಗಳಲ್ಲಿ ಪಶ್ಚಿಮದ ಪ್ರಾಂತ್ಯಗಳಿಂದ ದೂರು ಬರತೊಡಗಿತು: ಮಾತ್ರೆ ಪೂರ್ತಿ ನುಂಗಿ ಗುಣವಾದವರು ಮೂರು-ನಾಲ್ಕು ವಾರ ಕಳೆದು ಮತ್ತೆ ನಡುಗುತ್ತ ಆಸ್ಪತ್ರೆಗೆ ಬರುತ್ತಿದ್ದಾರೆ.

ಇಲ್ಲೊಂದು ತೊಡಕು. ಮತ್ತೆ ಜ್ವರ ಬಂದ ಮಾತ್ರಕ್ಕೆ ಔಷಧ ಸೋತಿತೆಂದು ಹೇಳುವಂತಿಲ್ಲ. ಕಾಡಿನಲ್ಲಿ ಕೆಲಸ ಮಾಡುವವನಿಗೆ ಹೊಸ ಸೊಳ್ಳೆ ಹೊಸ ಸೋಂಕು ಅಂಟಿಸಿರಬಹುದು. ಹೊಸ ಸೋಂಕಾದರೆ ತಪ್ಪು ಸೊಳ್ಳೆಪರದೆಯದು. ಹಳೆಯದೇ ಮರುಕಳಿಸಿದ್ದರೆ ತಪ್ಪು ಮಾತ್ರೆಯದು. ಸೂಕ್ಷ್ಮದರ್ಶಕದಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ಬೇರ್ಪಡಿಸಿ ಹೇಳಬಲ್ಲದ್ದು ಪಿಸಿಆರ್, ಅಂದರೆ ಡಿಎನ್‌ಎಯ ಬೇಕಾದ ತುಣುಕೊಂದನ್ನು ಮಾತ್ರ ಹಿಡಿದು ಕೋಟ್ಯಂತರ ಪ್ರತಿ ಮಾಡುವ ವಿಧಾನ. ಕೋವಿಡ್ ಕಾಲದಲ್ಲಿ ಈ ಮೂರಕ್ಷರ ಎಲ್ಲರ ಬಾಯಲ್ಲೂ ಇತ್ತು. ಆದರೆ ಅಲ್ಲಿ ಕೇಳುತ್ತಿದ್ದ ಪ್ರಶ್ನೆ ‘ಇದೆಯೋ ಇಲ್ಲವೋ’ ಎಂಬ ಒಂದೇ. ಮಲೇರಿಯಾದಲ್ಲಿ ಅದೇ ಯಂತ್ರವನ್ನು ಮೂರು ಬೇರೆ ಬೇರೆ ಪ್ರಶ್ನೆಗಳಿಗೆ ಬಳಸುತ್ತಾರೆ.

ಕಾಡಂಚಿನ ಆರೋಗ್ಯ ಕೇಂದ್ರದಲ್ಲಿ ನಡೆಯುವ ಕೆಲಸ ತೀರ ಸರಳ. ಮಾತ್ರೆ ಕೊಡುವ ಮೊದಲು ಬೆರಳು ಚುಚ್ಚಿ ಎರಡು-ಮೂರು ಹನಿ ರಕ್ತವನ್ನು ದಪ್ಪ ಸೋಸುಕಾಗದದ ಮೇಲೆ ಬೀಳಿಸುತ್ತಾರೆ. ನೆರಳಿನಲ್ಲಿ ಒಣಗಲು ಬಿಡುತ್ತಾರೆ. ನೊಣ ಕೂರದಂತೆ, ಒಂದು ಕಾಗದ ಇನ್ನೊಂದಕ್ಕೆ ತಾಗದಂತೆ ನೋಡಿಕೊಳ್ಳಬೇಕು. ಪೂರ್ತಿ ಒಣಗಿದ ಮೇಲೆ ಸಣ್ಣ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣವಿಟ್ಟು ಬಾಯಿ ಮುಚ್ಚುತ್ತಾರೆ. ಮಳೆಗಾಲದಲ್ಲಿ ಒಣಗದ ಕಾಗದವನ್ನು ಅವಸರದಿಂದ ಚೀಲಕ್ಕೆ ತುರುಕಿದರೆ ಬೂಸ್ಟು ಹಿಡಿದು ಡಿಎನ್‌ಎ ಹಾಳಾಗುತ್ತದೆ. ಸರಿಯಾಗಿ ಒಣಗಿದ್ದರೆ ಐಸ್ ಪೆಟ್ಟಿಗೆಯ ಗೊಡವೆಯಿಲ್ಲ, ಅಂಚೆಯಲ್ಲೂ ಕಳಿಸಬಹುದು. ಜ್ವರ ಮರಳಿ ಬಂದವರಿಂದ ಮತ್ತೊಂದು ಕಾಗದ ತೆಗೆದುಕೊಳ್ಳುತ್ತಾರೆ. ಪೈಪರಾಕ್ವಿನ್ ರಕ್ತದಲ್ಲಿ ವಾರಗಟ್ಟಲೆ ಇರುವುದರಿಂದ ಅದರ ರೋಗಿಗಳನ್ನು 42 ದಿನ ಹಿಂಬಾಲಿಸಬೇಕು. 28 ದಿನಕ್ಕೇ ಪುಸ್ತಕ ಮುಚ್ಚಿದರೆ ತಡವಾಗಿ ಮರಳುವ ಸೋಂಕುಗಳು ಲೆಕ್ಕಕ್ಕೇ ಸಿಗುವುದಿಲ್ಲ.

ಪ್ರಯೋಗಾಲಯದಲ್ಲಿ ಮೊದಲ ಪ್ರಶ್ನೆ: ಎರಡೂ ಕಾಗದಗಳಲ್ಲಿರುವುದು ಒಂದೇ ಪರಾವಲಂಬಿಯೇ? ಪರಾವಲಂಬಿಯ ಕೆಲವು ವಂಶವಾಹಿಗಳ ಉದ್ದ ತಳಿಯಿಂದ ತಳಿಗೆ ಬದಲಾಗುತ್ತದೆ. ಅವುಗಳನ್ನು ಪಿಸಿಆರ್‌ನಲ್ಲಿ ವರ್ಧಿಸಿ ಜೆಲ್ ಮೇಲೆ ಓಡಿಸಿದರೆ ಉದ್ದಕ್ಕೆ ತಕ್ಕಂತೆ ಪಟ್ಟಿಗಳು ಬೇರೆ ಬೇರೆ ಎತ್ತರದಲ್ಲಿ ನಿಲ್ಲುತ್ತವೆ. ಮೊದಲ ದಿನದ ಪಟ್ಟಿ ಎಲ್ಲಿದೆಯೋ 35ನೇ ದಿನದ್ದೂ ಅಲ್ಲೇ ನಿಂತರೆ, ಅದೂ ಮೂರು ಬೇರೆ ವಂಶವಾಹಿಗಳಲ್ಲಿ ಹಾಗೇ ಆದರೆ, ಹಳೆಯ ಸೋಂಕೇ ಮರಳಿದೆ. ಯಾವುದಾದರೂ ಒಂದರಲ್ಲಿ ಪಟ್ಟಿಗಳು ಹೊಂದದಿದ್ದರೆ ಹೊಸ ಸೋಂಕು. ಕಾಂಬೋಡಿಯಾದಂಥ ಕಡಿಮೆ ಸೋಂಕಿನ ದೇಶದಲ್ಲಿ ಇದು ನಂಬಬಹುದಾದ ವಿಧಾನ. ಒಬ್ಬನ ಮೈಯಲ್ಲೇ ಐದಾರು ತಳಿಗಳು ಒಟ್ಟಿಗೆ ಇರುವ ಆಫ್ರಿಕದ ಹಳ್ಳಿಗಳಲ್ಲಿ ಪಟ್ಟಿಗಳು ಒಂದರ ಮೇಲೊಂದು ಬಂದು ತೀರ್ಮಾನ ಕಷ್ಟವಾಗುತ್ತದೆ. ಹೀಗೆ ತಿದ್ದಿದ ಲೆಕ್ಕದಲ್ಲಿ ಔಷಧದ ಸೋಲು ಶೇ 10 ದಾಟಿದರೆ ಬೇರೆ ಔಷಧಕ್ಕೆ ಹೋಗಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ.

ಎರಡನೆಯ ಪ್ರಶ್ನೆ: ಕೆಲ್ಚ್-13 ಕೆಟ್ಟಿದೆಯೇ? ಒಣ ರಕ್ತದ ಚುಕ್ಕೆಯಲ್ಲಿ ಇರುವ ಡಿಎನ್‌ಎಯ ಬಹುಪಾಲು ಮನುಷ್ಯನದು, ಪರಾವಲಂಬಿಯದು ಚೂರೇ ಚೂರು. ಆದ್ದರಿಂದ ಪಿಸಿಆರ್ ಎರಡು ಸಲ ಮಾಡುತ್ತಾರೆ. ಮೊದಲ ಸುತ್ತಿನಲ್ಲಿ ದೊಡ್ಡ ತುಣುಕು, ಅದರ ಒಳಗಿನಿಂದ ಇನ್ನೂ ಚಿಕ್ಕ ತುಣುಕು ಎರಡನೆಯ ಸುತ್ತಿನಲ್ಲಿ. ಸುತ್ತುಗಳ ನಡುವೆ ಟ್ಯೂಬಿನ ಮುಚ್ಚಳ ತೆರೆಯಬೇಕಾದದ್ದೇ ಇಲ್ಲಿಯ ಅಪಾಯ. ಕೋಟ್ಯಂತರ ಪ್ರತಿಗಳಾಗಿರುವ ಡಿಎನ್‌ಎ ಗಾಳಿಯಲ್ಲಿ ಹಾರಿ ಪಕ್ಕದ ಟ್ಯೂಬಿಗೆ ಬಿದ್ದರೆ ಯಾರದೋ ಪರಾವಲಂಬಿ ಇನ್ನಾರದೋ ಹೆಸರಿಗೆ ಬರೆದುಹೋಗುತ್ತದೆ. ಅದಕ್ಕೆ ರಕ್ತವಿಲ್ಲದ, ಬರೀ ನೀರಿನ ಒಂದು ಟ್ಯೂಬನ್ನೂ ಜೊತೆಗೆ ಓಡಿಸುತ್ತಾರೆ. ನೀರಿನ ಸಾಲಿನಲ್ಲೂ ಪಟ್ಟಿ ಮೂಡಿತೆಂದರೆ ಆ ದಿನದ ಕೆಲಸವನ್ನೆಲ್ಲ ಎಸೆದು ಮೊದಲಿನಿಂದ ಆರಂಭಿಸುವುದೇ ದಾರಿ.

ಚೊಕ್ಕವಾಗಿ ಬಂದ ತುಣುಕನ್ನು ಅಕ್ಷರ ಅಕ್ಷರವಾಗಿ ಓದಿಸುತ್ತಾರೆ. ಕೆಲ್ಚ್-13 ಪ್ರೋಟೀನಿನ 580ನೇ ಸ್ಥಾನದಲ್ಲಿ ಸಾಮಾನ್ಯವಾಗಿ TGT ಎಂದಿರುತ್ತದೆ, ಅದು ಸಿಸ್ಟೀನ್ ಎಂಬ ಅಮೈನೋ ಆಮ್ಲದ ಸಂಕೇತ. ಪೈಲಿನ್‌ನ ಪರಾವಲಂಬಿಯಲ್ಲಿ ನಡುವಿನ ಒಂದಕ್ಷರ ಬದಲಾಗಿ TAT ಆಗಿದೆ, ಅದು ಟೈರೋಸಿನ್. ಸಿಸ್ಟೀನಿನ C, ಟೈರೋಸಿನಿನ Y, ನಡುವೆ ಸ್ಥಾನದ ಸಂಖ್ಯೆ. C580Y ಹೆಸರಾದದ್ದು ಹೀಗೆ. ಕೆಲವೊಮ್ಮೆ ಆ ಜಾಗದಲ್ಲಿ G ಮತ್ತು A ಎರಡರ ಗೆರೆಗಳೂ ಒಂದರ ಮೇಲೊಂದು ಏರಿ ನಿಲ್ಲುತ್ತವೆ. ಆ ರೋಗಿಯಲ್ಲಿ ಎರಡು ಬಗೆಯ ಪರಾವಲಂಬಿಗಳು ಕೂಡಿವೆ ಎಂದರ್ಥ. ಸಣ್ಣ ಗೆರೆಯನ್ನು ಗದ್ದಲವೆಂದು ತಳ್ಳಿಹಾಕುವ ಕೈ ಅವಸರದ್ದಾದರೆ, ನಿರೋಧಕತೆ ಒಂದು ಊರಿಗೆ ಆಗಷ್ಟೇ ಕಾಲಿಡುತ್ತಿರುವ ಹೊತ್ತಿನಲ್ಲಿ ಅದು ಕಣ್ತಪ್ಪಿ ಹೋಗುತ್ತದೆ.

ಮೂರನೆಯ ಪ್ರಶ್ನೆ ಜೊತೆಗಾರನದು, ಕಾಂಬೋಡಿಯಾದ ಮಟ್ಟಿಗೆ ಹೆಚ್ಚು ಬೆಲೆಯುಳ್ಳದ್ದೂ ಅದೇ. ಪೈಪರಾಕ್ವಿನ್‌ಗೆ ಬಗ್ಗದ ಪರಾವಲಂಬಿಗಳ ಪೂರ್ಣ ಡಿಎನ್‌ಎ ಓದಿದ ಎರಡು ತಂಡಗಳು ಬೇರೆ ಬೇರೆಯಾಗಿ ಒಂದೇ ಕಡೆ ಬೆರಳಿಟ್ಟವು. ಎರಡೂ ವರದಿಗಳು 2017ರಲ್ಲಿ ‘ಲ್ಯಾನ್ಸೆಟ್’ ಬಳಗದ ಪತ್ರಿಕೆಯಲ್ಲಿ ಬಂದವು. 14ನೇ ಕ್ರೋಮೋಸೋಮಿನಲ್ಲಿ ಪ್ಲಾಸ್ಮೆಪ್ಸಿನ್-2 ಮತ್ತು 3 ಎಂಬ ವಂಶವಾಹಿಗಳಿವೆ. ಹಿಮೋಗ್ಲೋಬಿನ್ ಜೀರ್ಣಿಸುವ ಕಿಣ್ವಗಳನ್ನು ಇವು ಮಾಡುತ್ತವೆ. ಔಷಧ ಸೋತ ರೋಗಿಗಳ ಪರಾವಲಂಬಿಯಲ್ಲಿ ಇವು ಒಂದರ ಬದಲು ಎರಡು ಅಥವಾ ಹೆಚ್ಚು ಪ್ರತಿಗಳಲ್ಲಿದ್ದವು. ಅಕ್ಷರ ಒಂದೂ ಬದಲಾಗಿಲ್ಲ, ಬರೀ ಸಂಖ್ಯೆ ಹೆಚ್ಚಾಗಿದೆ. ಹಾಗಾಗಿ ಓದಿದರೆ ಗೊತ್ತಾಗುವುದಿಲ್ಲ, ಎಣಿಸಬೇಕು.

ಎಣಿಸುವುದು ರಿಯಲ್-ಟೈಮ್ ಪಿಸಿಆರ್‌ನ ಕೆಲಸ. ಪ್ರತಿ ಸುತ್ತಿಗೆ ಡಿಎನ್‌ಎ ಎರಡರಷ್ಟಾಗುತ್ತ ಹೋಗಿ, ನಿಗದಿತ ಮಟ್ಟ ಮುಟ್ಟಲು ಎಷ್ಟು ಸುತ್ತು ಬೇಕಾಯಿತೆಂದು ಯಂತ್ರ ಹೇಳುತ್ತದೆ. ಅದಕ್ಕೆ ಸಿಟಿ ಎನ್ನುತ್ತಾರೆ. ಮೊದಲೇ ಎರಡು ಪ್ರತಿಯಿದ್ದರೆ ಒಂದು ಸುತ್ತು ಮುಂಚೆಯೇ ಮುಟ್ಟಬೇಕು. ಹೋಲಿಸಲು, ಯಾವಾಗಲೂ ಒಂದೇ ಪ್ರತಿಯಿರುವ ಟ್ಯುಬುಲಿನ್ ಎಂಬ ವಂಶವಾಹಿಯನ್ನೂ ಅದೇ ಮಾದರಿಯಲ್ಲಿ ಅಳೆಯುತ್ತಾರೆ. ಒಂದು ಮಾದರಿಯಲ್ಲಿ ಟ್ಯುಬುಲಿನ್ 27.0ರಲ್ಲಿ, ಪ್ಲಾಸ್ಮೆಪ್ಸಿನ್ 26.1ರಲ್ಲಿ ಮುಟ್ಟಿತೆಂದುಕೊಳ್ಳಿ. ಒಂದೊಂದೇ ಪ್ರತಿಯಿರುವ ಪ್ರಮಾಣಿತ ತಳಿಯಲ್ಲಿ ಎರಡೂ ಸರಿಸಮವಾಗಿ ಮುಟ್ಟಿವೆ. ವ್ಯತ್ಯಾಸ 0.9. ಎರಡರ ಘಾತ 0.9 ಎಂದರೆ ಸುಮಾರು 1.87, ಅಂದರೆ ಎರಡು ಪ್ರತಿ. ಸಾಮಾನ್ಯವಾಗಿ 1.5 ದಾಟಿದರೆ ಒಂದಕ್ಕಿಂತ ಹೆಚ್ಚೆಂದು ಬರೆದುಕೊಳ್ಳುತ್ತಾರೆ.

ಲೆಕ್ಕ ಚೆಂದವೇ, ಆದರೆ ಬಲು ನಾಜೂಕು. ಅರ್ಧ ಸುತ್ತಿನ ಅಳತೆ ತಪ್ಪಾದರೂ ಒಂದೇ ಪ್ರತಿಯುಳ್ಳ ಮಾದರಿ 1.4ಕ್ಕೆ ಏರಿ ಗೆರೆಯ ಅಂಚಿಗೆ ಬಂದು ಕೂರುತ್ತದೆ. ರಕ್ತದಲ್ಲಿ ಪರಾವಲಂಬಿ ಕಡಿಮೆಯಿದ್ದಾಗ ಇಂಥ ಏರುಪೇರು ಸಹಜ. ಆದ್ದರಿಂದ ಪ್ರತಿ ಮಾದರಿಯನ್ನೂ ಮೂರು ಗುಳಿಗಳಲ್ಲಿ ಓಡಿಸಿ, ಮೂರೂ ಒಂದಕ್ಕೊಂದು ಹೊಂದದಿದ್ದರೆ ಮತ್ತೆ ಮಾಡುತ್ತಾರೆ. ಅದಕ್ಕೂ ಬಗ್ಗದಿದ್ದರೆ ಆ ಮಾದರಿಯನ್ನು ಬಿಟ್ಟುಬಿಡುವುದೇ ಪ್ರಾಮಾಣಿಕತೆ.

ಈ ಎರಡು ಗುರುತುಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಕಂಡ ಚಿತ್ರ ದಿಗಿಲು ಹುಟ್ಟಿಸುವಂಥದು. C580Y ಮತ್ತು ಹೆಚ್ಚುವರಿ ಪ್ಲಾಸ್ಮೆಪ್ಸಿನ್ ಎರಡನ್ನೂ ಹೊತ್ತ ಒಂದೇ ವಂಶದ ಪರಾವಲಂಬಿ ಪಶ್ಚಿಮ ಕಾಂಬೋಡಿಯಾದಲ್ಲಿ ಹುಟ್ಟಿ, ಉಳಿದ ತಳಿಗಳನ್ನು ಹಿಂದಿಕ್ಕಿ, ಲಾವೋಸ್, ಈಶಾನ್ಯ ಥಾಯ್ಲೆಂಡ್ ಮತ್ತು ವಿಯೆಟ್ನಾಮಿಗೆ ಹರಡಿತ್ತು. 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಈಶಾನ್ಯ ಥಾಯ್ಲೆಂಡಿನಲ್ಲಿ ಡೈಹೈಡ್ರೋಆರ್ಟಿಮಿಸಿನಿನ್-ಪೈಪರಾಕ್ವಿನ್ ಸೋಲು ಶೇ 87. ನೂರರಲ್ಲಿ ಹದಿಮೂರು ಮಂದಿಗಷ್ಟೇ ನಾಟುವ ಔಷಧ.

ಹಾಗಾದರೆ ಬೇರೆ ಯಾವುದು? ಇಲ್ಲೂ ಪಿಸಿಆರ್ ಎಣಿಕೆಯೇ ದಾರಿ ತೋರಿಸಿತು. ಮೆಫ್ಲೋಕ್ವಿನ್‌ಗೆ ಬಗ್ಗದ ಪರಾವಲಂಬಿಯ ಗುರುತು ಎಂಡಿಆರ್-1 ಎಂಬ ವಂಶವಾಹಿಯ ಹೆಚ್ಚುವರಿ ಪ್ರತಿಗಳು. ಮೆಫ್ಲೋಕ್ವಿನ್ ಬಳಕೆ ನಿಂತ ಮೇಲೆ ಕಾಂಬೋಡಿಯಾದಲ್ಲಿ ಆ ಹೆಚ್ಚುವರಿ ಪ್ರತಿಗಳು ಇಳಿಯುತ್ತ ಬಂದಿದ್ದವು. ಔಷಧದ ಒತ್ತಡವಿಲ್ಲದಾಗ ಹೆಚ್ಚಿನ ಪ್ರತಿ ಹೊರುವುದು ಪರಾವಲಂಬಿಗೂ ದಂಡವೇ. ಪೈಪರಾಕ್ವಿನ್ ಸೋತ ರೋಗಿಗಳಲ್ಲಿ ಹೆಚ್ಚಿನವರ ಪರಾವಲಂಬಿಯಲ್ಲಿ ಎಂಡಿಆರ್-1 ಒಂದೇ ಪ್ರತಿಯಿತ್ತು. ಹಳಸಿತೆಂದು ಮೂಲೆಗೆ ಸರಿಸಿದ್ದ ಆರ್ಟಿಸುನೇಟ್-ಮೆಫ್ಲೋಕ್ವಿನ್ ಹೀಗೆ ಮರಳಿ ಬಂತು, ಚೆನ್ನಾಗಿಯೂ ನಾಟಿತು. ಎರಡು ಜೊತೆಗಾರರನ್ನೂ ಒಟ್ಟಿಗೆ ಹೂಡಿದರೆ ಹೇಗೆ ಎಂಬ ಪ್ರಯೋಗವೂ ನಡೆಯಿತು. ಕಾಂಬೋಡಿಯಾ, ಥಾಯ್ಲೆಂಡ್, ವಿಯೆಟ್ನಾಂ ರೋಗಿಗಳಲ್ಲಿ ಡೈಹೈಡ್ರೋಆರ್ಟಿಮಿಸಿನಿನ್-ಪೈಪರಾಕ್ವಿನ್ ಮಾತ್ರ ಕೊಟ್ಟವರಲ್ಲಿ ಶೇ 48, ಅದಕ್ಕೆ ಮೆಫ್ಲೋಕ್ವಿನ್ ಸೇರಿಸಿ ಕೊಟ್ಟವರಲ್ಲಿ ಶೇ 98 ಗುಣಮುಖರಾದರೆಂದು 2020ರ ‘ಲ್ಯಾನ್ಸೆಟ್’ ವರದಿ ಹೇಳಿತು.

ಈ ಗುರುತುಗಳನ್ನು ಓದುವಾಗ ಕೆಲವು ಎಚ್ಚರ ಬೇಕು. ಪಿಸಿಆರ್ ವರದಿ ಎದುರಿಗಿರುವ ರೋಗಿಗೆ ಯಾವ ಮಾತ್ರೆ ಕೊಡಬೇಕೆಂದು ತೀರ್ಮಾನಿಸಲು ಅಲ್ಲ. ಅದು ಬರುವಷ್ಟರಲ್ಲಿ ರೋಗಿ ಮನೆಗೆ ಹೋಗಿರುತ್ತಾನೆ. ನೂರಾರು ಕಾಗದಗಳ ಫಲಿತಾಂಶ ಕೂಡಿದಾಗ ಒಂದು ಪ್ರದೇಶದ ಔಷಧ ನೀತಿಗೆ ಅದು ಆಧಾರವಾಗುತ್ತದೆ. ಕೆಲ್ಚ್-13ರಲ್ಲಿ ಕಂಡ ಬದಲಾವಣೆಯೆಲ್ಲ ನಿರೋಧಕತೆಯೂ ಅಲ್ಲ. ಆಫ್ರಿಕದಲ್ಲಿ ಸಾಮಾನ್ಯವಾಗಿ ಸಿಗುವ A578S ಎಂಬುದು 580ರ ಪಕ್ಕದಲ್ಲೇ ಇದ್ದರೂ ಔಷಧವನ್ನು ನಿಧಾನಿಸುವುದಿಲ್ಲ. ಅದಕ್ಕೆಂದೇ ವಿಶ್ವ ಆರೋಗ್ಯ ಸಂಸ್ಥೆ ದೃಢಪಟ್ಟ ಗುರುತುಗಳ ಪಟ್ಟಿಯನ್ನು ಬೇರೆ, ಇನ್ನೂ ಸಂಶಯದಲ್ಲಿರುವವುಗಳದ್ದನ್ನು ಬೇರೆ ಇಟ್ಟುಕೊಂಡಿದೆ. ಪ್ಲಾಸ್ಮೆಪ್ಸಿನ್ ಕೂಡ ಪೂರ್ತಿ ಕತೆ ಹೇಳುವುದಿಲ್ಲ. ಒಂದು ಕಾಲಕ್ಕೆ ಕ್ಲೋರೋಕ್ವಿನ್ ಸೋಲಿಗೆ ಕಾರಣವಾಗಿದ್ದ ಸಿಆರ್‌ಟಿ ಎಂಬ ವಂಶವಾಹಿಯ ಹೊಸ ಬದಲಾವಣೆಗಳೂ ಪೈಪರಾಕ್ವಿನ್ ಸೋಲಿನಲ್ಲಿ ಕೈಜೋಡಿಸಿವೆ.

ಆಫ್ರಿಕಕ್ಕೆ ಏಷ್ಯಾದಿಂದ ಈ ಪರಾವಲಂಬಿ ದಾಟೀತೆಂದು ಎಲ್ಲರೂ ಗಡಿ ಕಾಯುತ್ತಿದ್ದಾಗ, ರುವಾಂಡದಲ್ಲಿ R561H ಎಂಬ ಕೆಲ್ಚ್-13 ಬದಲಾವಣೆ ಅಲ್ಲಿಯ ಪರಾವಲಂಬಿಯಲ್ಲೇ ಸ್ವತಂತ್ರವಾಗಿ ಹುಟ್ಟಿಕೊಂಡಿರುವುದು 2020ರಲ್ಲಿ ಖಚಿತವಾಯಿತು. ಆಮೇಲೆ ಉತ್ತರ ಉಗಾಂಡ, ಎರಿಟ್ರಿಯಗಳಿಂದಲೂ ಬೇರೆ ಬೇರೆ ಬದಲಾವಣೆಗಳ ವರದಿ ಬಂತು. ಅಲ್ಲಿ ಬಹುಮಟ್ಟಿಗೆ ಜೊತೆಗಾರ ಲ್ಯೂಮೆಫ್ಯಾಂಟ್ರಿನ್.

ನಮ್ಮಲ್ಲಿ? ಭಾರತದ ಬಹುಭಾಗದಲ್ಲಿ, ಕರ್ನಾಟಕವೂ ಸೇರಿ, ಫಾಲ್ಸಿಪಾರಂ ಮಲೇರಿಯಾಕ್ಕೆ ಸರ್ಕಾರ ನಿಗದಿ ಮಾಡಿರುವುದು ಆರ್ಟಿಸುನೇಟ್ ಮತ್ತು ಸಲ್ಫಡಾಕ್ಸಿನ್-ಪೈರಿಮೆಥಮಿನ್ ಜೋಡಿ. ವಯಸ್ಸಿಗೊಂದು ಬಣ್ಣದ ಪ್ಯಾಕ್ ಬರುತ್ತದೆ, ದೊಡ್ಡವರದು ಬಿಳಿ. ಮೂರೂ ದಿನ ಆರ್ಟಿಸುನೇಟ್, ಜೊತೆಗಾರ ಮಾತ್ರೆ ಮೊದಲ ದಿನ ಮಾತ್ರ. ಎರಡನೆಯ ದಿನಕ್ಕೆ ಜ್ವರ ಬಿಟ್ಟಿತೆಂದು ಉಳಿದ ಆರ್ಟಿಸುನೇಟನ್ನು ಗೂಡಿನಲ್ಲಿಟ್ಟು ಮರೆಯುವವರು ನಮ್ಮಲ್ಲಿ ಕಡಿಮೆಯಿಲ್ಲ. ಎರಡನೆಯ ಸುತ್ತಿನ ಪರಾವಲಂಬಿಗಳನ್ನು ಕೊಲ್ಲಬೇಕಾದದ್ದು ಆ ಮಾತ್ರೆಗಳೇ. ಮಂಗಳೂರಿನ ಮಲೇರಿಯಾ ಹೆಚ್ಚಾಗಿ ವೈವಾಕ್ಸ್ ಬಗೆಯದು, ಅದಕ್ಕೆ ಕ್ಲೋರೋಕ್ವಿನ್ ಮತ್ತು ಪ್ರೈಮಾಕ್ವಿನ್ ಚಿಕಿತ್ಸೆ ಬೇರೆ.

ಈಶಾನ್ಯ ರಾಜ್ಯಗಳಲ್ಲಿ ಮಾತ್ರ ಈ ಜೋಡಿ ಉಳಿಯಲಿಲ್ಲ. ಅಲ್ಲಿ ಸೋತದ್ದು ಆರ್ಟಿಸುನೇಟ್ ಅಲ್ಲ, ಜೊತೆಗಾರ. ಸಲ್ಫಡಾಕ್ಸಿನ್ ಮತ್ತು ಪೈರಿಮೆಥಮಿನ್ ಎರಡರ ಗುರಿಯಾದ ಡಿಎಚ್‌ಪಿಎಸ್ ಮತ್ತು ಡಿಎಚ್‌ಎಫ್‌ಆರ್ ವಂಶವಾಹಿಗಳಲ್ಲಿ ಒಂದರ ಮೇಲೊಂದು ಬದಲಾವಣೆ ಪೇರಿಸಿಕೊಂಡ ಪರಾವಲಂಬಿಗಳು ಅಲ್ಲಿ ಹೆಚ್ಚಿದ್ದವು, ರೋಗಿಗಳಲ್ಲಿ ಚಿಕಿತ್ಸೆಯೂ ಸೋಲುತ್ತಿತ್ತು. 2013ರ ರಾಷ್ಟ್ರೀಯ ಔಷಧ ನೀತಿ ಈಶಾನ್ಯಕ್ಕೆ ಆರ್ಟಿಮೀಥರ್-ಲ್ಯೂಮೆಫ್ಯಾಂಟ್ರಿನ್ ಎಂದು ಬದಲಾಯಿಸಿತು. ಪೂರ್ವ ಭಾರತದ ರೋಗಿಗಳಲ್ಲಿ R539T ಎಂಬ, ಕಾಂಬೋಡಿಯಾದಲ್ಲೂ ಕಂಡಿದ್ದ ಕೆಲ್ಚ್-13 ಬದಲಾವಣೆ ಸಿಕ್ಕಿತೆಂದು 2018ರಲ್ಲಿ ವರದಿಯಾಯಿತು. ಲ್ಯೂಮೆಫ್ಯಾಂಟ್ರಿನ್ ಸೋಲನ್ನು ಮುಂಚಿತವಾಗಿ ಹೇಳಬಲ್ಲ, ಪ್ಲಾಸ್ಮೆಪ್ಸಿನ್ ಎಣಿಕೆಯಂಥ ನೆಚ್ಚಬಹುದಾದ ಗುರುತು ಇನ್ನೂ ಕೈಗೆ ಸಿಕ್ಕಿಲ್ಲ. ಹಾಗಾಗಿ ಅದು ಜೊತೆಗಾರನಾಗಿರುವ ಕಡೆಗಳಲ್ಲಿ ಕೆಲ್ಚ್-13 ಓದಿದರಷ್ಟೇ ಸಾಲದು; ರೋಗಿಗಳನ್ನು 28 ದಿನ ಹಿಂಬಾಲಿಸಿ, ಮರಳಿ ಬಂದವರಿಂದ ಎರಡನೆಯ ಕಾಗದಕ್ಕೆ ರಕ್ತ ತೆಗೆದುಕೊಳ್ಳುವ ಹಳೆಯ ಕೆಲಸವನ್ನೇ ನೆಚ್ಚಿಕೊಳ್ಳಬೇಕಾಗಿದೆ.